ಅಗ್ಗದ ಕೊಟೇಶನ್ ಯಾಕೆ ಅಗ್ಗ?

ಮೈಸೂರಿನ ಒಬ್ಬ ಹೈಸ್ಕೂಲ್ ಮೇಷ್ಟ್ರ ಕಾರಿನ ವಿಮೆ ಮುಗಿಯಲು ಇನ್ನು ಹತ್ತೇ ದಿನ ಉಳಿದಿದೆ ಎಂದಿಟ್ಟುಕೊಳ್ಳಿ. ರಾತ್ರಿ ಊಟ ಮುಗಿಸಿ ಮೊಬೈಲ್ ಹಿಡಿದು ಕೂತಿದ್ದಾರೆ. ಅವರ ಮುಂದೆ ಮೂರು ಕೊಟೇಶನ್ ಇವೆ. ಮೊದಲನೆಯದು ವಿಮೆ ಮಾರುವ ಒಂದು ಜಾಲತಾಣದಲ್ಲಿ ಕಾರಿನ ನಂಬರ್ ಹಾಕಿದ ತಕ್ಷಣ ಬಂದದ್ದು: 9,185 ರೂಪಾಯಿ. ಎರಡನೆಯದು ಪರಿಚಯದ ಏಜೆಂಟ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು: 10,491 ರೂಪಾಯಿ. ಮೂರನೆಯದು ಈಗಿರುವ ಕಂಪನಿಯೇ ಕಳಿಸಿದ ನವೀಕರಣದ ನೋಟಿಸು: 11,913 ರೂಪಾಯಿ.

ಬೆಂಗಳೂರಿನಿಂದ ಬಂದಿದ್ದ ಮಗಳು ಹಿಂದಿನಿಂದ ಇಣುಕಿ, "ಅಪ್ಪಾ, ಮೂರೂ ಒಂದೇ ಕಾರಿಗೆ ತಾನೆ? ಕಮ್ಮಿ ಇರೋದನ್ನ ಕಟ್ಟಿಬಿಡಿ" ಅನ್ನುತ್ತಾಳೆ.

ಕಾರು ಒಂದೇ, ನಿಜ. ಆದರೆ ಆ ಮೂರು ಕಂಪನಿಗಳು ಮಾರುತ್ತಿರುವ ಸರಕು ಒಂದೇ ಅಲ್ಲ. ಒಂದರಲ್ಲಿ ಕಾರಿಗೆ ಕಟ್ಟಿದ ಬೆಲೆಯೇ ಕಡಿಮೆ, ಇನ್ನೊಂದರಲ್ಲಿ ಮೇಷ್ಟ್ರಿಗೆ ಸಲ್ಲದ ರಿಯಾಯಿತಿ ಸೇರಿಕೊಂಡಿದೆ, ಮೂರನೆಯದರಲ್ಲಿ ಮಾತ್ರ ಎಲ್ಲವೂ ಸರಿಯಾಗಿದೆ. ಮೂರನ್ನೂ ಒಂದೇ ಅಳತೆಗೆ ತಂದರೆ ಸಾಲು ಪೂರ್ತಿ ತಿರುಗಿಬೀಳುತ್ತದೆ. ಅಗ್ಗವಾಗಿ ಕಂಡದ್ದೇ ಎಲ್ಲಕ್ಕಿಂತ ದುಬಾರಿ ಎಂದು ಗೊತ್ತಾಗುತ್ತದೆ. ಇಲ್ಲಿನ ದರಗಳು ಲೆಕ್ಕಕ್ಕೆಂದು ಇಟ್ಟುಕೊಂಡವು, ಲೆಕ್ಕ ಮಾಡುವ ಕ್ರಮ ಮಾತ್ರ ಪ್ರತಿಯೊಂದು ಕಾರಿಗೂ ಅನ್ವಯಿಸುವಂಥದ್ದು.

ಹೋಲಿಸಬೇಕಾದ ಭಾಗ ಯಾವುದು?

ಕಾರಿನ ಪೂರ್ಣ ವಿಮೆಯಲ್ಲಿ ಎರಡು ಪಾಲಿಸಿಗಳು ಒಂದೇ ಹಾಳೆಯಲ್ಲಿ ಇರುತ್ತವೆ. ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಸಾವು, ಗಾಯ, ಆಸ್ತಿ ನಷ್ಟಕ್ಕೆ ಇರುವುದು ಥರ್ಡ್ ಪಾರ್ಟಿ ವಿಮೆ. ಕಾನೂನು ಕಡ್ಡಾಯ ಮಾಡಿರುವುದು ಇದೊಂದನ್ನೇ. ಇದರ ದರವನ್ನು ಕೇಂದ್ರ ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯ ಪ್ರಕಾರ 1,000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,000ದಿಂದ 1,500 ಸಿಸಿವರೆಗೆ 3,416 ರೂಪಾಯಿ, ಅದಕ್ಕೂ ದೊಡ್ಡ ಎಂಜಿನ್ನಿಗೆ 7,897 ರೂಪಾಯಿ. ಯಾವ ಕಂಪನಿಗೆ ಹೋದರೂ ಈ ಮೊತ್ತ ಬದಲಾಗದು.

ಎರಡನೆಯ ಭಾಗ ನಿಮ್ಮ ಕಾರಿಗೇ ಆಗುವ ನಷ್ಟದ್ದು. ಏಜೆಂಟರ ಬಾಯಲ್ಲಿ ಅದು ಓನ್ ಡ್ಯಾಮೇಜ್, ಚುಟುಕಾಗಿ ಓಡಿ. 2007ರ ಜನವರಿಯಿಂದ ಈ ಭಾಗದ ದರವನ್ನು ಕಂಪನಿಗಳು ತಮ್ಮ ಲೆಕ್ಕಾಚಾರದಂತೆ ಇಡುತ್ತಿವೆ. ಹಾಗಾಗಿ ಪೈಪೋಟಿ, ರಿಯಾಯಿತಿ, ಜಾಣತನ ಎಲ್ಲವೂ ನಡೆಯುವುದು ಇಲ್ಲೇ.

ಮೇಷ್ಟ್ರದು 1,197 ಸಿಸಿಯ ಪೆಟ್ರೋಲ್ ಕಾರು. ಮೂರು ವರ್ಷ ತುಂಬಿ ನಾಲ್ಕನೆಯದಕ್ಕೆ ಕಾಲಿಟ್ಟಿದೆ. "ಹೋದ ವರ್ಷ ಏಳು ಸಾವಿರ ಚಿಲ್ಲರೆ ಕಟ್ಟಿದ್ದೆ, ಈಗ ಯಾಕೆ ಇಷ್ಟು?" ಎಂಬುದು ಅವರ ಮೊದಲ ಗೊಣಗಾಟ. ಕಾರಣ ಸರಳ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಕೊಳ್ಳುವಾಗಲೇ ಕಟ್ಟಬೇಕು. ಆ ಮೂರು ವರ್ಷ ಈಗ ಮುಗಿದಿದೆ. ಹಾಗಾಗಿ ಈ ಸಲ 3,416 ರೂಪಾಯಿ ಹೊಸದಾಗಿ ಸೇರಿದೆ, ಅದರ ಮೇಲೆ ಶೇ 18ರ ಜಿಎಸ್‌ಟಿಯೂ ಇದೆ.

ಐಡಿವಿ: ಕಾರಿನ ಬೆಲೆ ಯಾರು ಕಟ್ಟಿದ್ದು?

ಕೊಟೇಶನ್‌ನಲ್ಲಿ ಮೊತ್ತದ ಪಕ್ಕದಲ್ಲೋ ಕೆಳಗೋ ಸಣ್ಣ ಅಕ್ಷರದಲ್ಲಿ ಐಡಿವಿ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. ಕಾರು ಕಳುವಾದರೆ ಅಥವಾ ರಿಪೇರಿಗೆ ನಿಲುಕದಷ್ಟು ಜಖಂಗೊಂಡರೆ ಕಂಪನಿ ಕೊಡುವ ಗರಿಷ್ಠ ಹಣ ಇದು. ಕಾರಿನ ವಿಮಾ ಬೆಲೆ ಎನ್ನಬಹುದು. ಪಾಲಿಸಿಯ ಮೊದಲ ದಿನ ಬರೆದ ಸಂಖ್ಯೆಯೇ ಕೊನೆಯ ದಿನದವರೆಗೂ ನಿಲ್ಲುತ್ತದೆ. ಹನ್ನೊಂದನೆಯ ತಿಂಗಳಲ್ಲಿ ಕಾರು ಕಳುವಾಯಿತೆಂದು ಮತ್ತೆ ಸವಕಳಿ ಕಳೆಯುವಂತಿಲ್ಲ.

ಇದನ್ನು ಲೆಕ್ಕ ಹಾಕುವ ಪಟ್ಟಿ 2002ರ ಇಂಡಿಯನ್ ಮೋಟಾರ್ ಟ್ಯಾರಿಫ್‌ನಿಂದ ಬಂದದ್ದು. ಅದೇ ಮಾದರಿಯ ಹೊಸ ಕಾರಿಗೆ ಇವತ್ತು ತಯಾರಕರ ಪಟ್ಟಿ ಬೆಲೆ ಎಷ್ಟಿದೆಯೋ ಅದರಲ್ಲಿ ವಯಸ್ಸಿಗೆ ತಕ್ಕ ಸವಕಳಿ ಕಳೆಯಬೇಕು. ಆರು ತಿಂಗಳವರೆಗೆ ಶೇ 5, ಒಂದು ವರ್ಷದವರೆಗೆ ಶೇ 15, ಎರಡು ವರ್ಷದವರೆಗೆ ಶೇ 20, ಮೂರಕ್ಕೆ ಶೇ 30, ನಾಲ್ಕಕ್ಕೆ ಶೇ 40, ಐದಕ್ಕೆ ಶೇ 50. ಐದು ವರ್ಷ ದಾಟಿದ ಕಾರಿಗೆ ಪಟ್ಟಿಯಿಲ್ಲ. ಕಂಪನಿ ಮತ್ತು ಮಾಲೀಕರು ಮಾತಾಡಿಕೊಂಡು ಒಪ್ಪಿದ್ದೇ ಬೆಲೆ.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಮೊದಲನೆಯದು, ಲೆಕ್ಕ ಶುರುವಾಗುವುದು ನೀವು ಅಂದು ಕೊಟ್ಟ ಬೆಲೆಯಿಂದಲ್ಲ, ಇಂದಿನ ಪಟ್ಟಿ ಬೆಲೆಯಿಂದ. ಮೇಷ್ಟ್ರು ಕಾರು ಕೊಂಡಾಗ ಅದರ ಬೆಲೆ 8.60 ಲಕ್ಷವಿತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದೇ ಮಾದರಿ ಈಗ 8 ಲಕ್ಷಕ್ಕೆ ಸಿಗುತ್ತಿದೆ ಎಂದಾದರೆ, ಅವರ ಹಳೆಯ ಕಾರಿನ ಐಡಿವಿಯೂ 8 ಲಕ್ಷದಿಂದಲೇ ಶುರು. ಎರಡನೆಯದು, ಈ ಬೆಲೆಯಲ್ಲಿ ನೋಂದಣಿ ಶುಲ್ಕ, ವಿಮೆ, ಕರ್ನಾಟಕದಲ್ಲಿ ಕಾರಿನ ಜೊತೆಗೇ ಕಟ್ಟಿಸಿಕೊಳ್ಳುವ ಲೈಫ್ ಟ್ಯಾಕ್ಸ್ ಸೇರಿರುವುದಿಲ್ಲ. ಆನ್ ರೋಡ್ ಬೆಲೆ ನೆನಪಿಟ್ಟುಕೊಂಡವರಿಗೆ ಐಡಿವಿ ಯಾವಾಗಲೂ ಕಮ್ಮಿ ಅನ್ನಿಸುವುದು ಇದರಿಂದಲೇ.

ಮೂರು ವರ್ಷ ದಾಟಿದ ಕಾರಿಗೆ ಶೇ 40 ಸವಕಳಿ. 8 ಲಕ್ಷದಲ್ಲಿ 3.20 ಲಕ್ಷ ಕಳೆದರೆ 4,80,000 ರೂಪಾಯಿ. ಮೂರನೆಯ ಕೊಟೇಶನ್‌ನಲ್ಲಿರುವುದು ಇದೇ ಸಂಖ್ಯೆ. ಮೊದಲನೆಯದರಲ್ಲಿ 4,20,000 ಇದೆ.

ಯಾಕೆಂದರೆ ಪಟ್ಟಿಯ ಬೆಲೆಯಿಂದ ಒಂದು ಮಿತಿಯೊಳಗೆ ಮೇಲೆ ಕೆಳಗೆ ಹೋಗಲು ಕಂಪನಿಗಳು ಬಿಡುತ್ತವೆ. ಪರದೆಯ ಮೇಲೆ ಕಡಿಮೆ ಮೊತ್ತ ಕಂಡರೆ ಗಿರಾಕಿ ಒತ್ತುತ್ತಾನೆ. ಹಾಗಾಗಿ ಎಷ್ಟೋ ಕಡೆ ಮೊದಲು ತೋರಿಸುವುದೇ ತೀರಾ ಕೆಳಗಿನ ಐಡಿವಿಯನ್ನು. ಅದನ್ನು ಬದಲಿಸುವ ಗುಂಡಿ ಇರುತ್ತದೆ, ಒತ್ತುವವರು ಕಡಿಮೆ.

ಇದರಿಂದ ಮೇಷ್ಟ್ರಿಗೆ ಉಳಿದದ್ದೆಷ್ಟು? ಮೊದಲ ಕಂಪನಿ ಐಡಿವಿಯ ಶೇ 1.6ರಷ್ಟನ್ನು ಓಡಿ ಪ್ರೀಮಿಯಂ ಆಗಿ ಹಿಡಿದಿದೆ. 60,000 ರೂಪಾಯಿ ಐಡಿವಿ ಇಳಿದಾಗ ಪ್ರೀಮಿಯಂ 960 ರೂಪಾಯಿ ಇಳಿಯಿತು. ಅದರಲ್ಲಿ ಅವರಿಗಿರುವ ಶೇ 35ರ ನೋ ಕ್ಲೇಮ್ ರಿಯಾಯಿತಿ ಕಳೆದು, ಜಿಎಸ್‌ಟಿ ಸೇರಿಸಿದರೆ 736 ರೂಪಾಯಿ. ಅಂದರೆ ಕಾರು ಕಳುವಾದ ದಿನ 60,000 ರೂಪಾಯಿ ಕಡಿಮೆ ಪಡೆಯಲು ಒಪ್ಪಿ, ಇವತ್ತು 736 ರೂಪಾಯಿ ಉಳಿಸಿದಂತಾಯಿತು. ಕಾರಿನ ಮೇಲೆ ಸಾಲ ಇದ್ದರಂತೂ ಆ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಐಡಿವಿ ಸಾಲದ ಬಾಕಿಗಿಂತ ಕಡಿಮೆಯಿದ್ದರೆ ಕಾರಿಲ್ಲದೆಯೂ ಕಂತು ಕಟ್ಟಬೇಕಾಗುತ್ತದೆ.

ಕಡಿಮೆ ಐಡಿವಿಯ ಇನ್ನೊಂದು ಪರಿಣಾಮ ಬಹಳ ಜನರಿಗೆ ಗೊತ್ತಿಲ್ಲ. ರಿಪೇರಿಯ ಖರ್ಚು ಐಡಿವಿಯ ಶೇ 75ನ್ನು ದಾಟಿದರೆ ಕಾರನ್ನು ಟೋಟಲ್ ಲಾಸ್ ಎಂದು ಪರಿಗಣಿಸುತ್ತಾರೆ. 4.80 ಲಕ್ಷದ ಐಡಿವಿಗೆ ಆ ಗೆರೆ 3.60 ಲಕ್ಷ, 4.20 ಲಕ್ಷದ ಐಡಿವಿಗೆ 3.15 ಲಕ್ಷ. ಅಪಘಾತವಾಗಿ 3.30 ಲಕ್ಷದ ಎಸ್ಟಿಮೇಟ್ ಬಂದರೆ, ಒಂದು ಪಾಲಿಸಿಯಲ್ಲಿ ಕಾರು ರಿಪೇರಿಯಾಗಿ ಮನೆಗೆ ಬರುತ್ತದೆ, ಇನ್ನೊಂದರಲ್ಲಿ ಗುಜರಿಯ ದಾರಿ ಹಿಡಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸು ಮುಳುಗಿದಾಗ ಸುಮಾರು 11 ಲಕ್ಷದ ಕಾರೊಂದಕ್ಕೆ 22 ಲಕ್ಷದ ರಿಪೇರಿ ಎಸ್ಟಿಮೇಟ್ ಬಂದ ಸುದ್ದಿ ಪತ್ರಿಕೆಗಳಲ್ಲಿ ಓಡಾಡಿತ್ತು. ಅಂಥ ಹೊತ್ತಿನಲ್ಲಿ ಮಾಲೀಕನ ಕೈಗೆ ಬರುವುದನ್ನು ತೀರ್ಮಾನಿಸುವುದು ಐಡಿವಿಯೇ.

ಹಾಗೆಂದು ಕೈಗೆ ಸಿಕ್ಕಷ್ಟು ಏರಿಸುವುದೂ ಬೇಡ. ಮಾರುಕಟ್ಟೆಯ ಬೆಲೆ ಮೀರಿದ ಐಡಿವಿಗೆ ಪ್ರತಿ ವರ್ಷ ಹೆಚ್ಚು ಕಟ್ಟಬೇಕು, ಸಣ್ಣಪುಟ್ಟ ರಿಪೇರಿಯಲ್ಲಿ ಅದರಿಂದ ನಯಾಪೈಸೆ ಲಾಭವಿಲ್ಲ. ಪಟ್ಟಿಯ ಲೆಕ್ಕ ಹಾಕಿ, ಸೆಕೆಂಡ್ ಹ್ಯಾಂಡ್ ಕಾರು ಮಾರುವವರಲ್ಲಿ ಅದೇ ಮಾದರಿ ಎಷ್ಟಕ್ಕೆ ಹೋಗುತ್ತಿದೆ ಎಂದು ಒಮ್ಮೆ ವಿಚಾರಿಸಿದರೆ ಸಾಕು.

ಎನ್‌ಸಿಬಿ: ರಿಯಾಯಿತಿ ಕಾರಿನದಲ್ಲ, ಮಾಲೀಕನದು

ಏಜೆಂಟರ ಜೊತೆ ಮೇಷ್ಟ್ರ ಮಾತು ಹೀಗಿತ್ತು.

"ಸಾರ್, ಎನ್‌ಸಿಬಿ ಎಷ್ಟಿದೆ?"

"ಐವತ್ತು ಪರ್ಸೆಂಟ್ ಇತ್ತಲ್ಲಪ್ಪಾ, ಹಳೇ ಕಾರಿಂದು."

"ಸರಿ ಸಾರ್, ಐವತ್ತು ಹಾಕ್ತೀನಿ."

ಎರಡನೆಯ ಕೊಟೇಶನ್ ಅಗ್ಗವಾದದ್ದು ಈ ಮೂರು ಸಾಲಿನಲ್ಲಿ.

ನೋ ಕ್ಲೇಮ್ ಬೋನಸ್ ಎಂದರೆ ಪಾಲಿಸಿ ವರ್ಷದಲ್ಲಿ ಕ್ಲೇಮ್ ಮಾಡದಿದ್ದವರಿಗೆ ಮುಂದಿನ ವರ್ಷ ಸಿಗುವ ರಿಯಾಯಿತಿ. ಒಂದು ವರ್ಷಕ್ಕೆ ಶೇ 20, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಂದ ಮೇಲೆ ಏರುವುದಿಲ್ಲ. ಒಂದು ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆ. ಈ ರಿಯಾಯಿತಿ ಓಡಿ ಭಾಗಕ್ಕೆ ಮಾತ್ರ, ಥರ್ಡ್ ಪಾರ್ಟಿಗಿಲ್ಲ. ಅಂದರೆ ಶೇ 50 ಎನ್‌ಸಿಬಿ ಇದೆಯೆಂದರೆ ಒಟ್ಟು ಬಿಲ್ಲು ಅರ್ಧವಾಗುವುದಿಲ್ಲ.

ಈ ಬೋನಸ್ಸು ಕಾರಿಗೆ ಅಂಟಿದ್ದಲ್ಲ, ಮಾಲೀಕನ ಜೊತೆ ಹೋಗುವಂಥದ್ದು. ಹಳೆಯ ಕಾರು ಮಾರಿದವರು ಮಾರಾಟದ ದಾಖಲೆ ತೋರಿಸಿ ಕಂಪನಿಯಿಂದ ಎನ್‌ಸಿಬಿ ಪತ್ರ ಪಡೆಯಬಹುದು. ಅದನ್ನು ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಿಕೊಳ್ಳಬಹುದು. ಮೇಷ್ಟ್ರು ಹಳೆಯ ಕಾರನ್ನು ಶೋರೂಮಿನಲ್ಲೇ ಎಕ್ಸ್‌ಚೇಂಜ್‌ಗೆ ಕೊಟ್ಟಿದ್ದರು. ಅವತ್ತೇ ಆ ಪತ್ರ ಕೇಳಿ ಪಡೆದಿದ್ದರೆ ಹೊಸ ಕಾರಿನ ಮೊದಲ ವರ್ಷದ ಓಡಿ ಪ್ರೀಮಿಯಂ ಅರ್ಧಕ್ಕಿಳಿದು, ಶೇ 1.5ರ ದರದಲ್ಲಿ ಆರು ಸಾವಿರ ರೂಪಾಯಿಯಷ್ಟು ಉಳಿಯುತ್ತಿತ್ತು. ಶೋರೂಮಿನ ಗಡಿಬಿಡಿಯಲ್ಲಿ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಈಗ ಗಡುವು ದಾಟಿದೆ. ಹೊಸ ಕಾರಿನಲ್ಲಿ ಸೊನ್ನೆಯಿಂದ ಶುರುವಾಗಿ ಮೂರು ವರ್ಷಕ್ಕೆ ಗಳಿಸಿದ ಶೇ 35 ಮಾತ್ರ ಅವರದು.

ಶೇ 50 ಎಂದು ಹೇಳಿದರೆ ಏನಾಗುತ್ತದೆ? ಹಣ ಕಟ್ಟುವ ದಿನ ಏನೂ ಆಗುವುದಿಲ್ಲ, ಪಾಲಿಸಿ ಬಂದುಬಿಡುತ್ತದೆ. ಆದರೆ ಎನ್‌ಸಿಬಿ ಬಗ್ಗೆ ಕೊಡುವ ಹೇಳಿಕೆಯಲ್ಲೇ ಒಂದು ಷರತ್ತು ಇರುತ್ತದೆ: ಹೇಳಿದ್ದು ಸುಳ್ಳೆಂದು ಕಂಡುಬಂದರೆ ಪಾಲಿಸಿಯ ಓಡಿ ಭಾಗದ ಎಲ್ಲ ಸೌಲಭ್ಯವೂ ಹೋಗುತ್ತದೆ. ಕ್ಲೇಮ್ ಬಂದಾಗ ಹೊಸ ಕಂಪನಿ ಹಳೆಯ ಕಂಪನಿಯನ್ನು ಕೇಳುತ್ತದೆ. ಸಾವಿರ ಚಿಲ್ಲರೆ ರೂಪಾಯಿಯ ರಿಯಾಯಿತಿಗೆ ಐದು ಲಕ್ಷದ ಕಾರನ್ನು ಪಣಕ್ಕಿಟ್ಟಂತೆ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇಲ್ಲೇ ಎಡವುತ್ತಾರೆ. ಹಳೆಯ ಪಾಲಿಸಿಯ ಪ್ರತಿಯಲ್ಲಿ ಶೇ 45 ಎಂದು ನೋಡಿ ತಮಗೂ ಅಷ್ಟೇ ಎಂದುಕೊಳ್ಳುತ್ತಾರೆ. ಅದು ಮಾರಿದವರ ಬೋನಸ್ಸು. ಕೊಂಡವರು ಸೊನ್ನೆಯಿಂದಲೇ ಆರಂಭಿಸಬೇಕು. ಇನ್ನೊಂದು ಗಡುವು ಎಲ್ಲರಿಗೂ ಇದೆ: ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಕೂಡಿಟ್ಟ ಎನ್‌ಸಿಬಿಯೆಲ್ಲ ಅಳಿಸಿಹೋಗುತ್ತದೆ.

ಸಣ್ಣ ಪೆಟ್ಟಿಗೆ ಕ್ಲೇಮ್ ಮಾಡಬೇಕೋ ಬೇಡವೋ ಎಂಬುದಕ್ಕೂ ಎನ್‌ಸಿಬಿಯಲ್ಲೇ ಉತ್ತರವಿದೆ. ಮೇಷ್ಟ್ರು ಈ ವರ್ಷ ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ ಶೇ 45, ಆಮೇಲೆ ಶೇ 50ರಲ್ಲೇ ಇರುತ್ತಾರೆ. ಒಂದು ಕ್ಲೇಮ್ ಮಾಡಿದರೆ 0, 20, 25, 35, 45 ಎಂದು ಮತ್ತೆ ಮೆಟ್ಟಿಲು ಹತ್ತಬೇಕು. ಐದು ವರ್ಷದ ವ್ಯತ್ಯಾಸ ಕೂಡಿದರೆ 45, 30, 25, 15, 5, ಒಟ್ಟು ಶೇ 120. ರಿಯಾಯಿತಿ ಕಳೆಯುವ ಮೊದಲಿನ ಓಡಿ ಪ್ರೀಮಿಯಂ ಈ ವರ್ಷಗಳಲ್ಲಿ ಸರಾಸರಿ 5,000 ರೂಪಾಯಿ ಎಂದು ಹಿಡಿದರೆ ನಷ್ಟ 6,000, ಜಿಎಸ್‌ಟಿ ಸೇರಿ 7,080 ರೂಪಾಯಿ. ಬೈಕೊಂದು ತಾಗಿ ಬಾಗಿಲಿಗೆ ಗೀರು ಬಿದ್ದು, ಕಂಪನಿಯಿಂದ ಬರುವುದು ಐದು ಸಾವಿರ ಎಂದಾದರೆ ಕೈಯಿಂದ ಕೊಟ್ಟು ಟಿಂಕರಿಂಗ್ ಮಾಡಿಸುವುದೇ ಲಾಭ. ಮೂವತ್ತು ಸಾವಿರದ ಬಿಲ್ಲಾದರೆ ಹಿಂದೆಮುಂದೆ ನೋಡದೆ ಕ್ಲೇಮ್ ಮಾಡಬೇಕು.

ಬಂಪರ್ ಟು ಬಂಪರ್: ಒಂದು ಬಿಲ್ಲಿನ ಲೆಕ್ಕ

ಆ್ಯಡ್ ಆನ್ ಕವರ್‌ಗಳ ಪಟ್ಟಿ ಉದ್ದವಿದೆ. ಕೀ ಕಳೆದರೆ, ಟಯರ್ ಒಡೆದರೆ, ದಾರಿಯಲ್ಲಿ ಕಾರು ನಿಂತರೆ, ಹೀಗೆ ಒಂದೊಂದಕ್ಕೂ ಒಂದೊಂದು. ಕೊಟೇಶನ್‌ನ ಮೊತ್ತವನ್ನು ನಿಜವಾಗಿ ಅಲುಗಾಡಿಸುವುದು, ಕ್ಲೇಮ್‌ನಲ್ಲಿ ನಿಜವಾಗಿ ಹಣ ಉಳಿಸುವುದು ಮುಖ್ಯವಾಗಿ ಜೀರೊ ಡೆಪ್. ಗ್ಯಾರೇಜಿನವರ ಭಾಷೆಯಲ್ಲಿ ಬಂಪರ್ ಟು ಬಂಪರ್.

ಇದು ಬೇಕೇ ಎಂದು ತಿಳಿಯಲು ರಿಪೇರಿ ಬಿಲ್ಲನ್ನೇ ಬಿಡಿಸಿ ನೋಡಬೇಕು. ಮೇಷ್ಟ್ರ ಕಾರು ನಂಜನಗೂಡು ರಸ್ತೆಯಲ್ಲಿ ಮುಂದಿನ ಟ್ರ್ಯಾಕ್ಟರ್ ಟ್ರೈಲರಿಗೆ ಗುದ್ದಿತು ಎನ್ನೋಣ. ವರ್ಕ್‌ಶಾಪ್ ಕೊಟ್ಟ ಬಿಲ್ಲು: ಮುಂದಿನ ಬಂಪರ್ 9,000, ಹೆಡ್‌ಲೈಟ್ 11,000, ಬಾನೆಟ್ 8,000, ಪೇಂಟಿಂಗ್ 12,000, ಕೂಲಿ 6,000. ಒಟ್ಟು 46,000 ರೂಪಾಯಿ.

ಸರ್ವೇಯರ್ ಬಂದು ನೋಡುತ್ತಾರೆ. ಸಾಮಾನ್ಯ ಪಾಲಿಸಿಯಲ್ಲಿ ಹಳೆಯ ಭಾಗ ತೆಗೆದು ಹೊಸದು ಹಾಕಿದರೆ ಸವಕಳಿ ಕಳೆದು ಉಳಿದದ್ದನ್ನಷ್ಟೇ ಕೊಡುವುದು. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟಯರುಗಳಿಗೆ ಕಾರಿನ ವಯಸ್ಸು ಎಷ್ಟೇ ಇರಲಿ ಶೇ 50 ಕಡಿತ. ಫೈಬರ್ ಗ್ಲಾಸ್ ಭಾಗಕ್ಕೆ ಶೇ 30. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಕ್ಕೆ ವಯಸ್ಸಿನ ಮೇಲೆ ಲೆಕ್ಕ, ಮೂರರಿಂದ ನಾಲ್ಕು ವರ್ಷದ ಕಾರಿಗೆ ಶೇ 25. ಪೇಂಟಿಂಗ್ ಬಿಲ್ಲನ್ನು ಬಿಡಿಸಿ ಕೊಡದಿದ್ದರೆ ಅದರ ಕಾಲು ಭಾಗ ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ. ಇವತ್ತಿನ ಕಾರುಗಳ ಮೂತಿಯೆಲ್ಲ ಪ್ಲಾಸ್ಟಿಕ್ಕೇ ಆದ್ದರಿಂದ ಪೆಟ್ಟು ಬೀಳುವುದೂ ಹೆಚ್ಚಾಗಿ ಶೇ 50ರ ಕಡಿತದ ಭಾಗಗಳಿಗೇ.

ಬಂಪರಿನಲ್ಲಿ 4,500, ಹೆಡ್‌ಲೈಟಿನಲ್ಲಿ 5,500, ಬಾನೆಟ್ಟಿನಲ್ಲಿ 2,000, ಬಣ್ಣದಲ್ಲಿ 1,500 ರೂಪಾಯಿ ಹೋಯಿತು. ಸವಕಳಿ ಒಟ್ಟು 13,500. ಕೂಲಿಗೆ ಕಡಿತವಿಲ್ಲ. ಇದರ ಮೇಲೆ 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿಗೂ 1,000 ರೂಪಾಯಿ ಮಾಲೀಕನ ಪಾಲು, ದೊಡ್ಡ ಎಂಜಿನ್ನಿಗೆ 2,000. ಹೀಗೆ ಕಂಪನಿ ಕೊಟ್ಟದ್ದು 31,500, ಮೇಷ್ಟ್ರ ಕೈಯಿಂದ ಹೋದದ್ದು 14,500. ಜೀರೊ ಡೆಪ್ ಇದ್ದಿದ್ದರೆ ಅವರು ಕೊಡಬೇಕಿದ್ದದ್ದು ಆ 1,000 ರೂಪಾಯಿ ಮಾತ್ರ, ಜೊತೆಗೆ ಎಣ್ಣೆ, ನಟ್ಟು ಬೋಲ್ಟಿನಂಥ ಸಣ್ಣಪುಟ್ಟ ಖರ್ಚು. ಮೂರನೆಯ ಕೊಟೇಶನ್‌ನಲ್ಲಿ ಜೀರೊ ಡೆಪ್‌ಗೆ ಹಿಡಿದಿರುವುದು 2,000 ರೂಪಾಯಿ, ಜಿಎಸ್‌ಟಿ ಸೇರಿ 2,360.

ಜೀರೊ ಡೆಪ್ ಎಂದರೆ ಎಲ್ಲ ಉಚಿತ ಎಂದಲ್ಲ. ಎಷ್ಟೋ ಕಂಪನಿಗಳು ವರ್ಷಕ್ಕೆ ಎರಡೇ ಕ್ಲೇಮ್ ಎಂದು ಮಿತಿ ಇಡುತ್ತವೆ. ಟಯರು, ಬ್ಯಾಟರಿಯನ್ನು ಹೊರಗಿಡುವ ಪಾಲಿಸಿಗಳು ಬಹಳ. ಸಾಮಾನ್ಯವಾಗಿ ಐದು ವರ್ಷ ದಾಟಿದ ಕಾರಿಗೆ ಸಿಗುವುದು ಕಷ್ಟ, ಕೊಡುವವರು ಹೆಚ್ಚು ಬೆಲೆ ಕೇಳುತ್ತಾರೆ. ಜೀರೊ ಡೆಪ್‌ನಲ್ಲಿ ಕ್ಲೇಮ್ ಮಾಡಿದರೂ ಎನ್‌ಸಿಬಿ ಹೋಗುತ್ತದೆ. ಎನ್‌ಸಿಬಿ ಉಳಿಸಿಕೊಳ್ಳಲು ಎನ್‌ಸಿಬಿ ಪ್ರೊಟೆಕ್ಟ್ ಎಂಬ ಬೇರೆಯೇ ಕವರ್ ಇದೆ. ಶೇ 50ಕ್ಕೆ ಮುಟ್ಟಿದವರು ಅದರ ಬೆಲೆ ಕೇಳಿ ನೋಡಬಹುದು.

ನೀರು ನುಗ್ಗಿದ ಎಂಜಿನ್, ಕಳುವಾದ ಹೊಸ ಕಾರು

ಇನ್ನೆರಡು ಕವರ್‌ಗಳನ್ನು ಕಾರು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊಸದು ಎಂಬುದರ ಮೇಲೆ ತೀರ್ಮಾನಿಸಬೇಕು.

ಮೊದಲನೆಯದು ಎಂಜಿನ್ ಪ್ರೊಟೆಕ್ಟ್. ನೆರೆಯಿಂದ ಆದ ಹಾನಿಯನ್ನು ಸಾಮಾನ್ಯ ಪಾಲಿಸಿಯೂ ಕೊಡುತ್ತದೆ. ಸೀಟು, ಕಾರ್ಪೆಟ್ಟು, ವೈರಿಂಗ್ ಹಾಳಾದದ್ದು ಅದರಲ್ಲಿ ಬರುತ್ತದೆ. ತಕರಾರು ಏಳುವುದು ಎಂಜಿನ್ನಿನ ವಿಷಯಕ್ಕೆ. ನೀರಿನಲ್ಲಿ ನಿಂತ ಕಾರಿನ ಮಾಲೀಕ ಬೆಳಿಗ್ಗೆ ಬೇಸ್‌ಮೆಂಟಿಗಿಳಿದು, "ಸ್ಟಾರ್ಟ್ ಆಗುತ್ತಾ ನೋಡೋಣ" ಎಂದು ಕೀ ತಿರುಗಿಸುತ್ತಾನೆ. ಸಿಲಿಂಡರಿನೊಳಗೆ ಗಾಳಿಯ ಜೊತೆ ನೀರು ಹೋಗಿರುತ್ತದೆ. ಗಾಳಿಯನ್ನು ಪಿಸ್ಟನ್ ಒತ್ತಿ ಕುಗ್ಗಿಸಬಲ್ಲದು, ನೀರು ಕುಗ್ಗುವುದಿಲ್ಲ. ಮೇಲೇರುವ ಪಿಸ್ಟನ್ ಗೋಡೆಗೆ ಗುದ್ದಿದಂತೆ ನಿಲ್ಲುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಬಿಚ್ಚಿದಾಗ ಬಾಗಿದ ರಾಡ್ ಕಂಡರೆ ಸರ್ವೇಯರ್ ಬರೆಯುವುದು, ಇದು ನೆರೆಯ ನೇರ ಹಾನಿಯಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಎಂದು. ಸಾಮಾನ್ಯ ಪಾಲಿಸಿ ಇಂಥ ಪರಿಣಾಮದ ಹಾನಿಯನ್ನು ಕೊಡುವುದಿಲ್ಲ.

ಮೇಷ್ಟ್ರ ಮನೆ ದಿಬ್ಬದ ಮೇಲಿದ್ದು, ಕಾರು ಅಲ್ಲೇ ನಿಲ್ಲುವುದಾದರೆ ಈ ಕವರ್ ಬಿಟ್ಟರೂ ನಡೆದೀತು. ಮಗಳು ಅದನ್ನು ಬೆಳ್ಳಂದೂರಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಒಯ್ಯುವುದಾದರೆ ಬೇಕೇ ಬೇಕು. ಕವರ್ ಇರಲಿ ಬಿಡಲಿ, ಮುಳುಗಿದ ಕಾರಿಗೆ ಕೀ ಹಾಕದೆ, ಫೋಟೊ ತೆಗೆದು, ಕಂಪನಿಗೆ ತಿಳಿಸಿ, ಟೋ ಮಾಡಿಸುವುದೇ ಸರಿ.

ಎರಡನೆಯದು ರಿಟರ್ನ್ ಟು ಇನ್‌ವಾಯ್ಸ್. ಹೊಸ ಕಾರು ಕಳುವಾದಾಗ ಅಥವಾ ಟೋಟಲ್ ಲಾಸ್ ಆದಾಗ ಐಡಿವಿಗೂ ಕೊಂಡ ಬೆಲೆಗೂ ನಡುವಿನ ವ್ಯತ್ಯಾಸವನ್ನು ಇದು ತುಂಬಿಕೊಡುತ್ತದೆ. ಬಹಳ ಪಾಲಿಸಿಗಳಲ್ಲಿ ರಸ್ತೆ ತೆರಿಗೆ, ನೋಂದಣಿ ಖರ್ಚೂ ಸೇರುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಹೆಚ್ಚು ಅರ್ಥವಿದೆ. ಇಲ್ಲಿ 5ರಿಂದ 10 ಲಕ್ಷದ ಕಾರಿಗೆ ಲೈಫ್ ಟ್ಯಾಕ್ಸೇ ಶೇ 14, ಅದರ ಮೇಲೆ ಸೆಸ್ ಬೇರೆ. 8.60 ಲಕ್ಷದ ಕಾರಿಗೆ ಒಂದು ಲಕ್ಷ ಇಪ್ಪತ್ತು ಸಾವಿರ ದಾಟುವ ಈ ಹಣ ಐಡಿವಿಯಲ್ಲಿ ಎಲ್ಲೂ ಕಾಣುವುದಿಲ್ಲ. ಸಾಮಾನ್ಯವಾಗಿ ಮೊದಲ ಮೂರು ವರ್ಷದೊಳಗಿನ ಕಾರಿಗಷ್ಟೇ ಈ ಕವರ್ ಸಿಗುವುದರಿಂದ ಮೇಷ್ಟ್ರಿಗೆ ಈಗ ಆ ಅವಕಾಶವಿಲ್ಲ.

ಮೂರನ್ನೂ ಒಂದೇ ತಕ್ಕಡಿಗೆ

ಈಗ ಮೂರು ಕೊಟೇಶನ್‌ಗಳನ್ನೂ ಸರಿ ಮಾಡೋಣ. ಎಲ್ಲದಕ್ಕೂ ಐಡಿವಿ 4.80 ಲಕ್ಷ, ಎನ್‌ಸಿಬಿ ಶೇ 35, ಜೀರೊ ಡೆಪ್ ಇರಬೇಕು.

ಜಾಲತಾಣದ ಕಂಪನಿಯದು ಶೇ 1.6ರ ದರ. ಓಡಿ 7,680, ಎನ್‌ಸಿಬಿ ಕಳೆದು 4,992. ಜೀರೊ ಡೆಪ್‌ಗೆ ಅವರು ಕೇಳುವುದು 2,200. ಥರ್ಡ್ ಪಾರ್ಟಿ 3,416. ಜಿಎಸ್‌ಟಿ ಸೇರಿ 12,517 ರೂಪಾಯಿ.

ಏಜೆಂಟರ ಕೊಟೇಶನ್‌ನಲ್ಲಿ ಐಡಿವಿ 4.50 ಲಕ್ಷ, ಎನ್‌ಸಿಬಿ ಶೇ 50 ಇತ್ತು. ಸರಿಪಡಿಸಿದರೆ ಶೇ 1.5ರ ದರದಲ್ಲಿ ಓಡಿ 4,680, ಜೀರೊ ಡೆಪ್ 2,100, ಥರ್ಡ್ ಪಾರ್ಟಿ 3,416. ಜಿಎಸ್‌ಟಿ ಸೇರಿ 12,031.

ಹಳೆಯ ಕಂಪನಿಯದೂ ಶೇ 1.5ರ ದರವೇ. ಓಡಿ 4,680, ಜೀರೊ ಡೆಪ್ 2,000, ಥರ್ಡ್ ಪಾರ್ಟಿ 3,416. ಜಿಎಸ್‌ಟಿ ಸೇರಿ ಮೊದಲು ಹೇಳಿದ 11,913 ರೂಪಾಯಿಯೇ.

9,185ಕ್ಕೆ ಸಿಗುತ್ತಿದ್ದ ಪಾಲಿಸಿ 12,517 ಆಗಿ ಎಲ್ಲಕ್ಕಿಂತ ಮೇಲೇರಿತು. ದುಬಾರಿ ಎಂದು ಬದಿಗಿಟ್ಟದ್ದು ಎಲ್ಲಕ್ಕಿಂತ ಕೆಳಗಿಳಿಯಿತು. ಯಾವ ಕಂಪನಿಯೂ ಇಲ್ಲಿ ಸುಳ್ಳು ಹೇಳಿರಲಿಲ್ಲ. ಪ್ರತಿಯೊಂದು ಸಂಖ್ಯೆಯೂ ಕೊಟೇಶನ್‌ನಲ್ಲೇ ಬರೆದಿತ್ತು, ಅಕ್ಷರ ಮಾತ್ರ ಸಣ್ಣದು.

ಹೋಲಿಸುವಾಗ ಇನ್ನೆರಡು ಕಡೆ ಕಣ್ಣಾಡಿಸಬೇಕು. ಒಂದು, ವಾಲಂಟರಿ ಡಿಡಕ್ಟಬಲ್. ಪ್ರತಿ ಕ್ಲೇಮಿಗೂ ಕಡ್ಡಾಯದ 1,000ದ ಮೇಲೆ ಇನ್ನೂ ಇಷ್ಟು ನಾನೇ ಕೊಡುತ್ತೇನೆ ಎಂದು ಮಾಲೀಕ ಒಪ್ಪಿಕೊಳ್ಳುವ ಮೊತ್ತ ಅದು. ಅಲ್ಲಿ 5,000 ಎಂದು ತುಂಬಿದ್ದರೆ ಪ್ರೀಮಿಯಂ ಇಳಿಯುತ್ತದೆ, ಮೇಲೆ ಹೇಳಿದ ಟ್ರೈಲರ್ ಗುದ್ದಿದ ಬಿಲ್ಲಿನಲ್ಲಿ ಆ 5,000 ಮಾಲೀಕನ ತಲೆಗೆ ಬರುತ್ತದೆ. ಇನ್ನೊಂದು, ಮಾಲೀಕ ಚಾಲಕನಿಗಿರುವ 15 ಲಕ್ಷದ ಅಪಘಾತ ವಿಮೆ. ಅಷ್ಟು ಮೊತ್ತದ ಅಪಘಾತ ವಿಮೆ ಬೇರೆಡೆ ಈಗಾಗಲೇ ಇದ್ದರೆ ಇಲ್ಲಿ ಬೇಡ ಎನ್ನಬಹುದು. ಒಂದು ಕೊಟೇಶನ್‌ನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹೋಲಿಕೆ ಮತ್ತೆ ತಪ್ಪುತ್ತದೆ. ಮೇಷ್ಟ್ರಿಗೆ ಅಂಥ ವಿಮೆ ಮೊದಲೇ ಇದ್ದುದರಿಂದ ಮೂರು ಲೆಕ್ಕದಲ್ಲೂ ಅದನ್ನು ಸೇರಿಸಿಲ್ಲ.

ಹಣ ಕಟ್ಟಿದ ಮೇಲೆ ಪಾಲಿಸಿ ಇಮೇಲ್‌ಗೆ ಬರುತ್ತದೆ. ಅದರ ಮೊದಲ ಪುಟವನ್ನು ಅದೇ ದಿನ ತೆರೆದು ಐದು ಸಾಲು ನೋಡಿಕೊಳ್ಳಿ: ಎಂಜಿನ್ ಮತ್ತು ಚಾಸಿಸ್ ನಂಬರ್, ಐಡಿವಿ, ಎನ್‌ಸಿಬಿಯ ಶೇಕಡಾವಾರು, ಕೇಳಿದ ಆ್ಯಡ್ ಆನ್‌ಗಳ ಹೆಸರು, ಡಿಡಕ್ಟಬಲ್ ಮೊತ್ತ. ಯಾವುದಾದರೂ ತಪ್ಪಿದ್ದರೆ ಫೋನಿನಲ್ಲಿ ಹೇಳಿ ಬಿಡಬೇಡಿ, ಕಂಪನಿಗೆ ಬರೆದು ಎಂಡಾರ್ಸ್‌ಮೆಂಟ್ ಕೇಳಿ. ಎನ್‌ಸಿಬಿ ಹೆಚ್ಚು ಬಿದ್ದಿದ್ದರೆ ವ್ಯತ್ಯಾಸದ ಹಣ ಕಟ್ಟಿ ಸರಿಪಡಿಸಿಕೊಳ್ಳಿ. ಅಪಘಾತವಾದ ಮೇಲೆ ಅದನ್ನು ಸರಿಪಡಿಸಿಕೊಳ್ಳಲು ದಾರಿ ಇರುವುದಿಲ್ಲ.